ಗುಣಗಳ ಪಟ್ಟಿ ತುಂಬಿದೆ, ಕಥೆ ಮಾತ್ರ ಕದಲುತ್ತಿಲ್ಲ: ಬಿದರಿ ಕೆಲಸದ ಹಿರಿಯರೊಬ್ಬರ ಪಾತ್ರದ ಬಗ್ಗೆ

ಚೌಬಾರಾ ಓಣಿ (ಬೀದರ್)

ಎಲ್ಲರಿಗೂ ನಮಸ್ಕಾರ. ಬಿದರಿ ಕೆಲಸ ಮಾಡುವ ಹಿರಿಯರೊಬ್ಬರನ್ನು ಮುಖ್ಯ ಪಾತ್ರವಾಗಿಟ್ಟುಕೊಂಡು ಸಣ್ಣಕಥೆಯೊಂದನ್ನು ಬರೆಯಲು ನಾಲ್ಕು ತಿಂಗಳಿಂದ ಪ್ರಯತ್ನಿಸುತ್ತಿದ್ದೇನೆ. ಬರೆಯಲು ಕೂರುವ ಮೊದಲು ಪಾತ್ರವನ್ನು ಚೆನ್ನಾಗಿ ಅರಿತಿರಬೇಕೆಂದು ಹಿರಿಯರೊಬ್ಬರು ಹೇಳಿದ್ದರಿಂದ, ನೋಟುಪುಸ್ತಕದ ಎರಡು ಪುಟ ತುಂಬ ಅವರ ಸ್ವಭಾವವನ್ನೂ ಅಭ್ಯಾಸಗಳನ್ನೂ ಬರೆದಿಟ್ಟುಕೊಂಡಿದ್ದೇನೆ. ಮುಖ್ಯವಾದವು ಇವು. ಹೆಸರು ಯೂಸುಫ್, ವಯಸ್ಸು 67, ಎಡಗೈ ಬಳಕೆ. ಚಹಾವನ್ನು ಬಸಿಗೆ ಸುರಿದುಕೊಂಡೇ ಕುಡಿಯುತ್ತಾರೆ. ತಂದೆಯ ಉಳಿಯನ್ನು ಹಸಿರು ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ಕಪ್ಪು ಹಾಕಲು ತರುವ ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಹೇಳುತ್ತಾರೆ. ಯಾರ ಬಳಿಯೂ ಸಹಾಯ ಕೇಳುವುದಿಲ್ಲ. ಕೊಟ್ಟ ಮಾತಿಗೆ ತಪ್ಪುವುದಿಲ್ಲ. ಮುಂಗೋಪಿ, ಆದರೆ ಉದಾರಿ. ಪಾರಿವಾಳಗಳಿಗೆ ಹೆದರುತ್ತಾರೆ. ಪತ್ನಿ ತೀರಿಕೊಂಡು ಆರು ವರ್ಷಗಳಾಗಿವೆ. ಮನೆಯಲ್ಲಿ ಮಗಳು ನಸೀಮಾ ಇದ್ದಾಳೆ, ಬೆಳ್ಳಿ ತಂತಿ ಕೂರಿಸುವ ಕೆಲಸವನ್ನು ಅವಳೇ ಮಾಡುತ್ತಾಳೆ. ಈ ಕಲೆ ಉಳಿಯಬೇಕೆಂಬುದು ಅವರ ಆಸೆ.

ಮೂರು ಬಾರಿ ಬರೆಯಲು ಆರಂಭಿಸಿದೆ, ಮೂರು ಬಾರಿಯೂ ಆರನೆಯ ಪುಟದಲ್ಲಿ ನಿಂತುಹೋಯಿತು. ಓದಿ ನೋಡಿದಾಗ ಮೊದಲ ಪುಟದಲ್ಲಿ ಬಸಿ, ಎರಡನೆಯದರಲ್ಲಿ ಉಳಿ, ಮೂರನೆಯದರಲ್ಲಿ ಪಾರಿವಾಳ ಹೀಗೆ ಪಟ್ಟಿಯನ್ನೇ ವಾಕ್ಯಗಳಾಗಿ ಬಿಡಿಸಿದ್ದೇನೆ ಎಂಬುದು ಕಾಣುತ್ತಿದೆ. ಯೂಸುಫ್ ಕಣ್ಣಿಗೆ ಕಟ್ಟುತ್ತಾರೆ, ಆದರೆ ಏನನ್ನೂ ಮಾಡುವುದಿಲ್ಲ. ಈ ಪಟ್ಟಿಯಿಂದ ಕಥೆಗೆ ದಾಟುವುದು ಹೇಗೆ?

ಶಹಾಬಾದ ಪರಸಿ (ಕಲಬುರಗಿ)

ಮೇಡಂ, ಅಡ್ಡಿಯಿಲ್ಲದೆ ಕಥೆ ಇಲ್ಲ, ನಿಮ್ಮ ಪಟ್ಟಿಯಲ್ಲಿ ಅಡ್ಡಿಯೇ ಇಲ್ಲ. ಒಬ್ಬ ದಲಾಲನನ್ನು ತನ್ನಿ. ಅವನು ದೊಡ್ಡ ಆರ್ಡರ್ ಕೊಟ್ಟು, ಮುಂಗಡವನ್ನೂ ಕೊಟ್ಟು, ಮಾಲು ಕೈಗೆ ಬಂದ ಮೇಲೆ ಉಳಿದ ಹಣ ಕೊಡದೆ ಮೋಸ ಮಾಡಲಿ. ಯೂಸುಫ್ ಅವನ ವಿರುದ್ಧ ಹೋರಾಡಲಿ. ಕಲಾವಿದನ ಶೋಷಣೆ ನಮ್ಮ ಭಾಗದ ಸತ್ಯವೂ ಹೌದು, ಓದುಗರು ಬೇಗ ಒಪ್ಪಿಕೊಳ್ಳುತ್ತಾರೆ.

ಭೀಮಾ ದಂಡೆ (ಯಾದಗಿರಿ)

ಅಕ್ಕಾ, ನನ್ನದೂ ಇದೇ ಪರಿಸ್ಥಿತಿ, ಆದ್ದರಿಂದ ಇಲ್ಲಿಯೇ ಕೇಳುತ್ತೇನೆ. ನನ್ನ ಪಾತ್ರ ಯಾದಗಿರಿಯಿಂದ ಶಹಾಪುರಕ್ಕೆ ಓಡಾಡುವ ಬಸ್ಸಿನ ಕಂಡಕ್ಟರ್. ನನಗೆ ನಿಮ್ಮಂತೆ ಬರೆಯುವುದು ನಿಂತುಹೋಗಲಿಲ್ಲ, ನಲವತ್ತು ಪುಟ ಬರೆದೆ. ಮೊದಲ ಟ್ರಿಪ್ಪಿನಲ್ಲಿ ಚಿಲ್ಲರೆಗಾಗಿ ಜಗಳ, ಎರಡನೆಯದರಲ್ಲಿ ಕುಡಿದ ಪ್ರಯಾಣಿಕ, ಮೂರನೆಯದರಲ್ಲಿ ಬಸ್ಸಿನಲ್ಲೇ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳು, ಹೀಗೆ ಏಳು ಟ್ರಿಪ್ಪುಗಳಿವೆ. ಎಲ್ಲದರಲ್ಲೂ ಅಡ್ಡಿ ಇದೆ. ಆದರೂ ಓದಿದವರೆಲ್ಲ “ಚೆನ್ನಾಗಿದೆ, ಕಥೆ ಯಾವಾಗ ಶುರುವಾಗುತ್ತದೆ?” ಎಂದು ಕೇಳುತ್ತಿದ್ದಾರೆ. ಪಾತ್ರದ ಗುಣಗಳನ್ನು ಇನ್ನಷ್ಟು ಹೆಚ್ಚಿಸಬೇಕೇ?

ತಾಲೀಮು ಮನೆ (ಕಲಬುರಗಿ)

ನಾನು ಮೂವತ್ತು ವರ್ಷಗಳಿಂದ ಹವ್ಯಾಸಿ ನಾಟಕಗಳನ್ನು ಆಡಿಸುತ್ತ ಬಂದವನು. ತಾಲೀಮಿನಲ್ಲಿ ನಟರು ಇದೇ ತೊಂದರೆಯನ್ನು ನನ್ನೆದುರು ತರುತ್ತಾರೆ. ಕುಂಟು ನಡಿಗೆ, ಒಂದು ಕೆಮ್ಮು, ಮೀಸೆ ತೀಡುವ ಚಟ ಇವನ್ನೆಲ್ಲ ಕಲಿತು ಬರುತ್ತಾರೆ, ಆದರೆ “ಈ ಬಾಗಿಲಿನಿಂದ ಒಳಗೆ ಯಾಕೆ ಬಂದೆ?” ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಮೊದಲು ಯಾದಗಿರಿಯ ತಮ್ಮನಿಗೆ ಎರಡು ಮಾತು. ನಿಮ್ಮ ಮೂರನೆಯ ಟ್ರಿಪ್ಪನ್ನು ಐದನೆಯದರ ಜಾಗಕ್ಕೂ ಐದನೆಯದನ್ನು ಮೂರನೆಯದರ ಜಾಗಕ್ಕೂ ಹಾಕಿ ಓದಿ ನೋಡಿ. ಏನೂ ಮುರಿಯದಿದ್ದರೆ, ಆ ಏಳು ಘಟನೆಗಳ ನಡುವೆ ಇರುವುದು ಬರೀ “ಆಮೇಲೆ” ಎಂದಾಯಿತು. “ಆದ್ದರಿಂದ” ಅಥವಾ “ಆದರೆ” ಎಂಬ ಕೊಂಡಿ ಎಲ್ಲಿಯೂ ಇಲ್ಲ. ಒಂದೊಂದು ಟ್ರಿಪ್ಪಿನಲ್ಲಿ ಅಡ್ಡಿ ಇದೆ, ಸರಿ, ಆದರೆ ಆ ಅಡ್ಡಿ ಕಂಡಕ್ಟರನ ಯಾವ ಬಯಕೆಗೆ ಅಡ್ಡಿ? ಬೆಳಿಗ್ಗೆ ಡಿಪೋದಿಂದ ಹೊರಡುವಾಗ ಅವನಿಗೆ ಆ ದಿನ ಏನು ಬೇಕಾಗಿತ್ತು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಗುಣಗಳನ್ನು ಹೆಚ್ಚಿಸಿದರೆ ಟ್ರಿಪ್ಪುಗಳು ಹೆಚ್ಚಾಗುತ್ತವೆಯೇ ಹೊರತು ಕಥೆ ಬೆಳೆಯುವುದಿಲ್ಲ.

ಈಗ ಯೂಸುಫ್ ಅವರ ವಿಷಯ. ದಲಾಲನ ಸಲಹೆ ಅರ್ಧ ಸರಿಯಿದೆ, ಅಡ್ಡಿ ಬೇಕೇ ಬೇಕು. ಆದರೆ ಯೂಸುಫ್ ಅವರನ್ನು ತೆಗೆದು ಅದೇ ಜಾಗದಲ್ಲಿ ನೇಕಾರನನ್ನೋ ಕುಂಬಾರನನ್ನೋ ಕೂರಿಸಿದರೂ ದಲಾಲ ಅಷ್ಟೇ ಸಲೀಸಾಗಿ ಮೋಸ ಮಾಡುತ್ತಾನೆ. ಅಂದರೆ ಮೇಡಂ ಅವರ ಎರಡು ಪುಟದ ಪಟ್ಟಿಯಲ್ಲಿ ಒಂದು ಸಾಲೂ ಆ ಕಥೆಗೆ ಬೇಕಾಗುವುದಿಲ್ಲ. ಇವರಿಗೆ ಮಾತ್ರ ಅಡ್ಡಿಯಾಗುವಂಥದ್ದು, ಬೇರೆಯವರಾಗಿದ್ದರೆ ಅಡ್ಡಿಯೇ ಅಲ್ಲದಿರುವಂಥದ್ದು ನಮಗೆ ಬೇಕು.

ಮೇಡಂ, ಒಂದು ಪೆನ್ಸಿಲ್ ತೆಗೆದುಕೊಂಡು ಪಟ್ಟಿಯ ಪ್ರತಿ ಸಾಲಿನ ಮುಂದೆ ಈ ಗುಣದಿಂದ ಯಾರಿಗೆ ನಷ್ಟ ಎಂದು ಕೇಳಿಕೊಳ್ಳಿ. ಬಸಿಯಲ್ಲಿ ಚಹಾ ಕುಡಿದರೆ ಯಾರಿಗೂ ನಷ್ಟವಿಲ್ಲ. ಎಡಗೈಯಿಂದಲೂ ಇಲ್ಲ. ಅವು ಇರಲಿ, ಕಣ್ಣಿಗೆ ಬೇಕು, ಆದರೆ ಕಥೆಯನ್ನು ಎಳೆಯುವ ಎತ್ತುಗಳಲ್ಲ. ನಷ್ಟ ತರಬಲ್ಲ ಸಾಲುಗಳನ್ನು ಬೇರೆ ಮಾಡಿದ ಮೇಲೆ, ಅವುಗಳಲ್ಲಿ ಒಂದೇ ಸಂದರ್ಭದಲ್ಲಿ ಎರಡೂ ಉಳಿಯಲಾರದಂಥ ಒಂದು ಜೋಡಿಯನ್ನು ಹುಡುಕಿ. ನನ್ನ ಕಣ್ಣಿಗೆ ಒಂದು ಜೋಡಿ ಬಿದ್ದಿದೆ, ಆದರೆ ನೀವೇ ಮೊದಲು ಹೇಳಿ.

ಚೌಬಾರಾ ಓಣಿ (ಬೀದರ್)

ಸರ್, ರಾತ್ರಿ ಕುಳಿತು ಹಾಗೆಯೇ ಮಾಡಿದೆ. ಇಪ್ಪತ್ತಾರು ಸಾಲುಗಳಲ್ಲಿ ಐದೇ ಉಳಿದವು. “ಸಹಾಯ ಕೇಳುವುದಿಲ್ಲ” ಮತ್ತು “ಮಾತಿಗೆ ತಪ್ಪುವುದಿಲ್ಲ” ಎಂಬವೇ ಆ ಜೋಡಿ ಎಂದು ನನಗನ್ನಿಸುತ್ತದೆ. ಬೇರೆಯವರ ನೆರವಿಲ್ಲದೆ ನಡೆಸಲಾಗದ ಮಾತನ್ನು ಅವರು ಕೊಟ್ಟಿದ್ದರೆ ಎರಡರಲ್ಲಿ ಒಂದು ಮುರಿಯಲೇಬೇಕು. ಆದರೆ ಯಾವ ಮಾತು ಎಂಬುದು ಹೊಳೆಯುತ್ತಿಲ್ಲ. ಹನ್ನೆರಡು ಹೂದಾನಿಗಳನ್ನು ಇಂಥ ದಿನದೊಳಗೆ ಮುಗಿಸಿಕೊಡುತ್ತೇನೆಂದು ಯಾರಿಗಾದರೂ ಹೇಳಿರಬಹುದೇ?

ತಾಲೀಮು ಮನೆ (ಕಲಬುರಗಿ)

ಜೋಡಿ ಸರಿಯಾಗಿದೆ. ಹನ್ನೆರಡು ಹೂದಾನಿಗಳು ಇರಲಿ, ದಿನಾಂಕವೂ ಇರಲಿ, ಶಹಾಬಾದಿನವರ ದಲಾಲ ಇಲ್ಲಿ ಉಪಯೋಗಕ್ಕೆ ಬರುತ್ತಾನೆ. ಆದರೆ ಗಿರಾಕಿಗೆ ಕೊಟ್ಟ ಮಾತು ತಪ್ಪಿದರೆ ಹೋಗುವುದು ಹಣ. ಮನೆಯೊಳಗಿನವರಿಗೆ ಕೊಟ್ಟ ಮಾತು ತಪ್ಪಿದರೆ ಮರುದಿನ ಬೆಳಿಗ್ಗೆ ಅವರೊಡನೆಯೇ ಕುಳಿತು ರೊಟ್ಟಿ ತಿನ್ನಬೇಕು. ನಿಮ್ಮ ಪಟ್ಟಿಯಲ್ಲಿ ನಸೀಮಾ ಒಂದೇ ಸಾಲಿನಲ್ಲಿ ಮುಗಿದುಹೋಗಿದ್ದಾಳೆ. ಅವಳಿಗೆ ಏನು ಬೇಕು?

“ಕಲೆ ಉಳಿಯಬೇಕು” ಎಂಬುದನ್ನು ಬಯಕೆಯ ಲೆಕ್ಕದಿಂದ ತೆಗೆದುಬಿಡಿ. ಅದು ಅಭಿಪ್ರಾಯ. ಯಾವ ಸೋಮವಾರ ಸಂಜೆಯೂ ನಿಂತು, ಈ ಆಸೆ ಈಡೇರಿತು ಅಥವಾ ಈಡೇರಲಿಲ್ಲ ಎಂದು ಹೇಳಲು ಬಾರದು. ದೃಶ್ಯದ ಕೊನೆಯಲ್ಲಿ ಸಿಕ್ಕಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುವಂಥದ್ದೇ ಬಯಕೆ.

ನಾನು ಆರಿಸಿದ್ದು ಇದು. ಈ ಸಲ ಕಪ್ಪು ಹಾಕುವಾಗ ಮಣ್ಣನ್ನು ಗುರುತಿಸುವುದನ್ನು ಕಲಿಸುತ್ತೇನೆಂದು ಯೂಸುಫ್ ಮಗಳಿಗೆ ಮಾತು ಕೊಟ್ಟಿದ್ದಾರೆ. ಅವಳಿಗೆ ಅದೊಂದೇ ಬಾಕಿ ಉಳಿದಿರುವ ವಿದ್ಯೆ, ಅದು ಬಂದರೆ ಮುಂದಿನ ಆರ್ಡರನ್ನು ತನ್ನ ಹೆಸರಿನಲ್ಲೇ ಹಿಡಿಯಬಹುದು. ಆದರೆ ಹಿಂದಿನ ತಿಂಗಳ ಜ್ವರ ಮತ್ತು ಔಷಧಿಗಳ ನಂತರ ಯೂಸುಫ್ ಅವರ ನಾಲಿಗೆಗೆ ರುಚಿಯೇ ತಿಳಿಯುತ್ತಿಲ್ಲ, ಅದನ್ನು ಯಾರಿಗೂ ಹೇಳಿಲ್ಲ. ತನ್ನಲ್ಲಿ ಈಗ ಇಲ್ಲದಿರುವುದನ್ನು ಕಲಿಸುವುದಾಗಿ ಅವರು ಮಾತು ಕೊಟ್ಟಂತಾಯಿತು. ನೀವು ಬರೀ ವಿಚಿತ್ರ ಅಭ್ಯಾಸವೆಂದು ಬರೆದಿದ್ದ ಸಾಲು ಈಗ ಕಥೆಯ ನಡುವೆ ಬಂದು ನಿಂತಿತು. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ, ಆದರೆ ಒಬ್ಬರಿಗೆ ಬೇಕಾದದ್ದು ಸಿಕ್ಕರೆ ಇನ್ನೊಬ್ಬರು ಮುಚ್ಚಿಟ್ಟದ್ದು ಬಯಲಾಗುತ್ತದೆ.

ಉಳಿ ಮತ್ತು ತಂತಿ (ಬೀದರ್)

ನಾನು ಕಥೆ ಬರೆಯುವವನಲ್ಲ. ನಮ್ಮ ಮನೆಯಲ್ಲಿ ಈ ಕೆಲಸ ತಾತನ ಕಾಲದಿಂದ ನಡೆಯುತ್ತಿದೆ. ಚರ್ಚೆಯನ್ನು ಓದುತ್ತಿದ್ದಾಗ ಒಂದು ಮಾತು ಹೇಳಲೇಬೇಕು ಎನಿಸಿತು.

ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡುವುದು ನಿಜ. ಕೋಟೆಯ ಹಳೆಯ ಭಾಗಗಳಲ್ಲಿ, ಬಿಸಿಲು ಮತ್ತು ಮಳೆ ಬೀಳದ ಕಡೆಯಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕುದಿಸಿ ಪಾತ್ರೆಗೆ ಹಚ್ಚಿದರೆ, ಸತುವು ಮತ್ತು ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇದು ಕೊನೆಯ ಹಂತ. ಎರಕ ಹೊಯ್ದು, ಅರ ಹಾಕಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಹಚ್ಚಿ, ಉಳಿಯಿಂದ ಕೊರೆದು, ಬೆಳ್ಳಿ ಕೂರಿಸಿ, ಮತ್ತೆ ಉಜ್ಜಿ ನುಣುಪು ಮಾಡಿದ ಮೇಲೆ ಬರುವಂಥದ್ದು. ಅಷ್ಟು ದಿನಗಳ ದುಡಿಮೆಯನ್ನು ಬರೀ ನಾಲಿಗೆಯ ಮಾತಿನ ಮೇಲೆ ಯಾರೂ ಪಣಕ್ಕಿಡುವುದಿಲ್ಲ. ನಮ್ಮ ಮನೆಯಲ್ಲಿ ಎರಕದಲ್ಲಿ ಉಳಿದ ಚೂರೊಂದನ್ನು ತೆಗೆದು, ಅದರ ಮೇಲೆ ಮೊದಲು ಹಚ್ಚಿ ನೋಡುತ್ತೇವೆ. ಚೂರು ಚೆನ್ನಾಗಿ ಕಪ್ಪಾದರೆ ಮಣ್ಣು ಒಳ್ಳೆಯದು. ಆದ್ದರಿಂದ ನಿಮ್ಮ ಯೂಸುಫ್ ಅವರ ನಾಲಿಗೆ ಹೋದರೂ ಕೆಲಸ ನಿಲ್ಲುವುದಿಲ್ಲ, ಐದು ನಿಮಿಷಗಳಲ್ಲಿ ಪರೀಕ್ಷೆ ಮುಗಿಯುತ್ತದೆ. ನಮ್ಮವರು ಯಾರಾದರೂ ಈ ಕಥೆ ಓದಿದರೆ ಇಲ್ಲಿಯೇ ಪುಸ್ತಕ ಮುಚ್ಚುತ್ತಾರೆ.

ಶಹಾಬಾದ ಪರಸಿ (ಕಲಬುರಗಿ)

ಹಾಗಾದರೆ ಇಡೀ ಕಥೆ ಬಿದ್ದುಹೋಯಿತಲ್ಲ. ಆ ಚೂರಿನ ವಿಷಯವನ್ನು ಬರೆಯದೆ ಬಿಟ್ಟುಬಿಟ್ಟರೆ ಆಗದೇ? ಹೊರಗಿನ ಓದುಗರಿಗೆ ಎಲ್ಲಿ ಗೊತ್ತಾಗುತ್ತದೆ?

ತಾಲೀಮು ಮನೆ (ಕಲಬುರಗಿ)

ಬಿಡಬಾರದು. ಬಿಟ್ಟರೆ ಈ ಕೆಲಸ ಬಲ್ಲವರಿಗೆ ಕಥೆ ಸುಳ್ಳಾಗುತ್ತದೆ, ಅಷ್ಟೇ ಅಲ್ಲ, ನಮಗೆ ಸಿಕ್ಕಿರುವ ಅತ್ಯುತ್ತಮ ಅಡ್ಡಿಯನ್ನು ಕೈಯಾರೆ ಎಸೆದಂತಾಗುತ್ತದೆ. ಉಳಿ ಮತ್ತು ತಂತಿಯವರೇ, ನೀವು ಕಥೆ ಬರೆಯುವವರಲ್ಲ ಎಂದಿರಿ, ಆದರೆ ಇಲ್ಲಿಯವರೆಗೆ ಯಾರೂ ಕೊಡದ ವಸ್ತುವನ್ನು ಕೊಟ್ಟಿದ್ದೀರಿ.

ಪಾತ್ರದ ಮುಂದೆ ಸುಲಭವಾದ ದಾರಿಯೊಂದು ತೆರೆದಿದ್ದೂ ಅವರು ಅದರಲ್ಲಿ ಹೋಗದಿದ್ದರೆ, ಯಾಕೆ ಹೋಗಲಿಲ್ಲ ಎಂಬುದೇ ಅವರ ಸ್ವಭಾವ. ಚೂರಿನ ಪರೀಕ್ಷೆ ಯೂಸುಫ್ ಅವರಿಗೆ ಗೊತ್ತು. ಆದರೆ ಬೇರೆಯವರು ಚೂರಿನಲ್ಲಿ ನೋಡುತ್ತಾರೆ, ತಾನು ನಾಲಿಗೆಯಲ್ಲೇ ಹೇಳುತ್ತೇನೆ ಎಂಬುದು ಓಣಿಯಲ್ಲಿ ಅವರಿಗಿರುವ ಹೆಸರು. ಮಗಳ ಎದುರು ಚೂರು ಕೈಗೆತ್ತಿಕೊಂಡ ಕ್ಷಣವೇ ನಾಲಿಗೆ ಹೋಗಿರುವುದನ್ನು ಬಾಯಿಬಿಟ್ಟು ಹೇಳಿದಂತೆ. ಈಗ ಆ ಚೂರು ಪ್ರತಿ ದೃಶ್ಯದಲ್ಲೂ ಮೂಲೆಯಲ್ಲಿ ಬಿದ್ದಿರುತ್ತದೆ, ಓದುಗನಿಗೂ ಕಾಣುತ್ತಿರುತ್ತದೆ.

ಘಟನೆಗಳನ್ನು ಈಗ “ಆದ್ದರಿಂದ”, “ಆದರೆ” ಹಾಕಿ ಕಟ್ಟೋಣ. ಭಾನುವಾರ ಯೂಸುಫ್ ಮಣ್ಣು ತರುತ್ತಾರೆ, ನಾಲಿಗೆಗೆ ಹಚ್ಚುತ್ತಾರೆ, ಏನೂ ತಿಳಿಯುವುದಿಲ್ಲ. ಆದ್ದರಿಂದ “ಈ ಮಣ್ಣು ಬೇಡ” ಎಂದು ಚೆಲ್ಲಿ ಸಮಯ ಗಳಿಸುತ್ತಾರೆ. ಆದರೆ ನಸೀಮಾ ಆ ಚೆಲ್ಲಿದ ಮಣ್ಣನ್ನೇ ಎತ್ತಿ ನಾಲಿಗೆಗೆ ಹಚ್ಚಿಕೊಂಡು, ಬೇಡವಾದ ಮಣ್ಣಿನ ರುಚಿ ಇದು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಾಳೆ. ಇಲ್ಲಿ ಗಮನಿಸಿ, ಅವರ ಸುಳ್ಳು ಬರೀ ಸುಳ್ಳಾಗಿ ಉಳಿಯಲಿಲ್ಲ, ಅವಳ ವಿದ್ಯೆಯನ್ನೇ ಕೆಡಿಸಿತು. ಆದ್ದರಿಂದ ಮಂಗಳವಾರ ಅವರು ನಿಜವಾಗಿಯೂ ಒಳ್ಳೆಯ ಮಣ್ಣು ತಂದಾಗ, ಅವಳು ರುಚಿ ನೋಡಿ “ಇದು ಅದೇ ರೀತಿ ಇದೆಯಲ್ಲ ಅಬ್ಬಾ, ಬೇಡ” ಎನ್ನುತ್ತಾಳೆ. ಈಗ ಅವರು ಒಪ್ಪಿದರೂ ಸಿಕ್ಕಿಬೀಳುತ್ತಾರೆ, ಒಪ್ಪದಿದ್ದರೂ ಸಿಕ್ಕಿಬೀಳುತ್ತಾರೆ. ಗುರುವಾರ ದಲಾಲ ಬರುತ್ತಾನೆ.

ಈ ಮೂರು ದಿನಗಳನ್ನು ಅದಲುಬದಲು ಮಾಡಲು ಪ್ರಯತ್ನಿಸಿ, ಆಗುವುದಿಲ್ಲ. ಪ್ರತಿಯೊಂದು ಪ್ರಯತ್ನವೂ ಹಿಂದಿನ ಉಪಾಯವನ್ನು ಮತ್ತೆ ಬಳಸಲಾಗದಂತೆ ಮಾಡಿದೆ. ಮೊದಲ ದಿನ ಚೆಲ್ಲಿದಂತೆ ಮೂರನೆಯ ದಿನವೂ ಚೆಲ್ಲಿದರಾಯಿತು ಎಂಬಂತಿದ್ದರೆ ಅಡ್ಡಿ ಬೆಳೆದಿಲ್ಲ, ಬರೀ ಮರುಕಳಿಸಿದೆ ಎಂದೇ ತಿಳಿಯಬೇಕು.

ಮುಸ್ಸಂಜೆ ಓದು (ಬಸವಕಲ್ಯಾಣ)

ಸರ್, ನಿಮ್ಮ ಕಟ್ಟಡ ಗಟ್ಟಿಯಾಗಿದೆ ಎಂಬುದನ್ನು ಒಪ್ಪುತ್ತೇನೆ, ಆದರೂ ನನಗೊಂದು ಆತಂಕವಿದೆ. ನಮ್ಮ ಭಾಷೆಯಲ್ಲಿ ವ್ಯಕ್ತಿಚಿತ್ರ ಎಂಬ ಪ್ರಕಾರವೇ ಇದೆ. ಅಲ್ಲಿ ಒಬ್ಬ ಮನುಷ್ಯ ಬಸಿಯಲ್ಲಿ ಚಹಾ ಕುಡಿಯುವುದನ್ನು ನೋಡುತ್ತ ಕೂರುವುದೇ ಓದಿನ ಸುಖ. ಮೇಡಂ ಬರೆದ ಆ ಆರು ಪುಟಗಳು ಬಹುಶಃ ಕೆಟ್ಟುಹೋದ ಕಥೆಯಲ್ಲ, ಒಳ್ಳೆಯ ವ್ಯಕ್ತಿಚಿತ್ರವೇ ಆಗಿರಬಹುದು. ಎಲ್ಲರಿಗೂ ಬಯಕೆ, ಅಡ್ಡಿ, ಗಡುವು ಎಂದು ಕಟ್ಟಿಹಾಕಿದರೆ ಮನುಷ್ಯರು ಗಾಣದ ಎತ್ತುಗಳಾಗುವುದಿಲ್ಲವೇ? ಪಾರಿವಾಳದ ಭಯವನ್ನು ನೀವು ಒಂದು ಗೀಟಿನಲ್ಲಿ ಹೊಡೆದುಹಾಕಿಸಿದಿರಿ, ನನಗೆ ಇಡೀ ಪಟ್ಟಿಯಲ್ಲಿ ಅದೇ ಜೀವಂತವಾಗಿ ಕಂಡಿತ್ತು.

ತಾಲೀಮು ಮನೆ (ಕಲಬುರಗಿ)

ವ್ಯಕ್ತಿಚಿತ್ರದ ಬಗ್ಗೆ ನಿಮ್ಮ ಮಾತು ನ್ಯಾಯವಾದದ್ದು, ಆ ಆರು ಪುಟಗಳನ್ನು ಮೇಡಂ ಹರಿಯದೆ ಇಟ್ಟುಕೊಳ್ಳಲಿ. ಆದರೆ ಅವರು ಕೇಳಿದ್ದು ಕಥೆಗೆ ದಾಟುವುದು ಹೇಗೆ ಎಂದು. ಪಾರಿವಾಳದ ವಿಷಯದಲ್ಲಿ ನಾನು ಈಗಲೂ ಗೀಟು ಹೊಡೆಯುವ ಪಕ್ಷದವನೇ. ಆ ಭಯ ಒಳ್ಳೆಯ ಗುಣವೇ ಹೌದು, ಆದರೆ ಅದು ಬೇರೊಂದು ಕಥೆಯ ಬೀಜ. ಎರಡು ಬೀಜಗಳನ್ನು ಒಂದೇ ಕುಣಿಗೆ ಹಾಕಿದರೆ ಎರಡೂ ಸಣಕಲಾಗುತ್ತವೆ.

ಚೌಬಾರಾ ಓಣಿ (ಬೀದರ್)

ನಿಮ್ಮೆಲ್ಲರ ಮಾತುಗಳನ್ನು ಓದಿದ ಮೇಲೆ ಭಾನುವಾರದ ದೃಶ್ಯವನ್ನು ಹೊಸದಾಗಿ ಬರೆದಿದ್ದೇನೆ, ಒಂದು ಭಾಗ ಹಾಕುತ್ತಿದ್ದೇನೆ.

“ಯೂಸುಫ್ ಹೊಸ್ತಿಲ ಮೇಲೆ ಕುಳಿತು ಚೀಲದ ಬಾಯಿ ಬಿಚ್ಚಿದರು. ಚಿಟಿಕೆ ಮಣ್ಣನ್ನು ಎಡ ಅಂಗೈಗೆ ಹಾಕಿಕೊಂಡು, ಬೆರಳ ತುದಿಯಿಂದ ನಾಲಿಗೆಗೆ ಮುಟ್ಟಿಸಿದರು. ಮಣ್ಣಿನ ತರಿ ಹಲ್ಲಿಗೆ ಸಿಕ್ಕಿತು. ತರಿ ಇತ್ತು, ಅಷ್ಟೇ ಇತ್ತು. ಮತ್ತೊಮ್ಮೆ ಮುಟ್ಟಿಸಿದರು. ನಸೀಮಾ ಬೆಳ್ಳಿ ತಂತಿಯನ್ನು ಕೆಳಗಿಟ್ಟು ಅವರ ತುಟಿಗಳನ್ನೇ ನೋಡುತ್ತಿದ್ದಳು. ‘ಹೇಗಿದೆ ಅಬ್ಬಾ?’ ಅವರು ಬಾಗಿಲಾಚೆ ಉಗುಳಿ, ಅಂಗೈ ಕೊಡವಿ, ಚೀಲವನ್ನು ಅಂಗಳಕ್ಕೆ ಬೋರಲು ಹಾಕಿದರು. ‘ಬೇಡ’ ಎಂದರು. ಬಸಿಯಲ್ಲಿದ್ದ ಚಹಾ ಆರಿತ್ತು. ಒಂದೇ ಗುಟುಕಿಗೆ ಕುಡಿದರು. ಅವಳು ಅದಕ್ಕೆ ಸಕ್ಕರೆಯನ್ನೇ ಹಾಕಿರಲಿಲ್ಲ.”

ಸಕ್ಕರೆಯ ಸಾಲು ಬರೆಯುವಾಗಲೇ ಬಂದದ್ದು. ಯಾರಿಗೂ ನಷ್ಟವಿಲ್ಲವೆಂದು ಪಕ್ಕಕ್ಕಿಟ್ಟಿದ್ದ ಬಸಿ ಇಲ್ಲಿ ತಾನಾಗಿಯೇ ಕೆಲಸಕ್ಕೆ ಬಂದಿತು.

ಉಳಿ ಮತ್ತು ತಂತಿ (ಬೀದರ್)

ಮಣ್ಣನ್ನು ಚೆಲ್ಲುವ ರೀತಿ ಮಾತ್ರ ಸರಿಯಿಲ್ಲ. ಕೋಟೆಯ ಮಣ್ಣು ಸುಲಭವಾಗಿ ಸಿಗುವಂಥದ್ದಲ್ಲ. ಬೇಡವೆನಿಸಿದರೂ ನಮ್ಮ ಹಿರಿಯರು ಅಂಗಳಕ್ಕೆ ಬೋರಲು ಹಾಕುವುದಿಲ್ಲ, ಕಟ್ಟಿ ಮೂಲೆಗಿಡುತ್ತಾರೆ. ಉಳಿದದ್ದು ನಮ್ಮ ಮನೆಯ ಹೊಸ್ತಿಲನ್ನೇ ನೋಡಿದಂತಿದೆ.

ತಾಲೀಮು ಮನೆ (ಕಲಬುರಗಿ)

ಮೂಲೆಗಿಟ್ಟರೆ ಇನ್ನೂ ಒಳ್ಳೆಯದು, ಅವಳು ಆ ಚೀಲವನ್ನು ರಾತ್ರಿ ಬಿಚ್ಚಬಹುದು. ಬಸಿಯ ಬಗ್ಗೆ ನನ್ನ ಮಾತು ತಪ್ಪಾಯಿತು, ನಿಮ್ಮ ದೃಶ್ಯ ಅದನ್ನು ತೋರಿಸಿದೆ. ಆದರೆ ಒಂದು ಎಚ್ಚರಿಕೆ ಇರಲಿ. ಸಕ್ಕರೆ ಹಾಕದ ಚಹಾವನ್ನು ನಸೀಮಾ ಮರೆತು ಕೊಟ್ಟಳೋ, ಬೇಕೆಂದೇ ಕೊಟ್ಟಳೋ ಎಂಬುದನ್ನು ನೀವು ಈಗಲೇ ತೀರ್ಮಾನಿಸಬೇಕು. ಬೇಕೆಂದೇ ಕೊಟ್ಟಿದ್ದರೆ ಅವಳಿಗೆ ಮೊದಲ ದಿನವೇ ಅನುಮಾನವಿದೆ ಎಂದಾಯಿತು. ಆಗ ಅವಳು ಚೀಲದ ಮಣ್ಣನ್ನು ಕೆಟ್ಟದ್ದೆಂದು ಗುರುತಿಟ್ಟುಕೊಳ್ಳುವುದು ಸಾಧ್ಯವಿಲ್ಲ, ಮಂಗಳವಾರದ ದೃಶ್ಯ ಬಿದ್ದುಹೋಗುತ್ತದೆ.

ಮುಸ್ಸಂಜೆ ಓದು (ಬಸವಕಲ್ಯಾಣ)

ನನಗೆ ಬೇಕೆಂದೇ ಕೊಟ್ಟಿದ್ದಾಳೆ ಎಂದೇ ಓದಿಸಿಕೊಂಡಿತು, ಹಾಗೆ ಇದ್ದರೇ ಚೆನ್ನ. ಮಂಗಳವಾರ ಅವಳು “ಬೇಡ” ಎನ್ನುವುದು ತಿಳಿದೂ ತಿಳಿದೂ ಅಬ್ಬಾನನ್ನು ಪರೀಕ್ಷಿಸಲು ಎಂದಾದರೆ ದೃಶ್ಯ ಬೀಳುವುದಿಲ್ಲ, ತಿರುಗಿ ನಿಲ್ಲುತ್ತದೆ.

ತಾಲೀಮು ಮನೆ (ಕಲಬುರಗಿ)

ಆಗಬಹುದು. ಆದರೆ ಆಗ ಬಯಕೆ ಅವಳದಾಗುತ್ತದೆ, ಕಥೆಯನ್ನು ಅವಳ ಕಡೆಯಿಂದಲೇ ಹೇಳಬೇಕಾಗುತ್ತದೆ, ಯೂಸುಫ್ ಅವಳಿಗೆ ಅಡ್ಡಿಯಾಗುತ್ತಾರೆ. ನನಗೆ ಅವರ ಕಡೆಯಿಂದ ನೋಡಿದ್ದೇ ಹೆಚ್ಚು ಇಷ್ಟ. ಇದರಲ್ಲಿ ನಾವಿಬ್ಬರೂ ಒಪ್ಪಲಾರೆವು ಎನಿಸುತ್ತದೆ.

ಭೀಮಾ ದಂಡೆ (ಯಾದಗಿರಿ)

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಕಂಡಕ್ಟರನಿಗೆ ಒಂದು ವಾಕ್ಯ ಸಿಕ್ಕಿತು. ಸಂಜೆ ಐದಕ್ಕೆ ಶಾಲೆಯಲ್ಲಿ ಮಗನ ನಾಟಕವಿದೆ, ನಾಲ್ಕೂವರೆಗೆ ಡ್ಯೂಟಿ ಇಳಿಯಲೇಬೇಕು. ಏಳು ಟ್ರಿಪ್ಪುಗಳಲ್ಲಿ ನಾಲ್ಕು ತಾವಾಗಿಯೇ ಬಿದ್ದುಹೋದವು. ಹೆರಿಗೆ ನೋವಿನ ಹೆಣ್ಣುಮಗಳು ಮಾತ್ರ ಕೊನೆಯ ಟ್ರಿಪ್ಪಿಗೆ ಹೋದಳು, ಅಲ್ಲಿಂದ ಅವಳನ್ನು ಕದಲಿಸಲು ನೋಡಿದರೆ ಎಲ್ಲವೂ ಕುಸಿಯುತ್ತದೆ.

ಚೌಬಾರಾ ಓಣಿ (ಬೀದರ್)

ತಮ್ಮಾ, ನಿಮ್ಮದು ಮುಗಿದ ಮೇಲೆ ಇಲ್ಲಿ ಹಾಕಿ, ಓದಬೇಕೆಂಬ ಆಸೆ ಇದೆ.

ನಾನು ಮಂಗಳವಾರದ ದೃಶ್ಯವನ್ನು ಎರಡೂ ರೀತಿಯಲ್ಲಿ ಬರೆದು ನೋಡುತ್ತೇನೆ, ಒಮ್ಮೆ ಯೂಸುಫ್ ಅವರ ಕಡೆಯಿಂದ, ಒಮ್ಮೆ ನಸೀಮಾಳ ಕಡೆಯಿಂದ. ಎರಡರಲ್ಲೂ ಎರಕದ ಚೂರು ಕಿಟಕಿಯ ಕೆಳಗೆ, ಹಸಿರು ಬಟ್ಟೆಯಲ್ಲಿ ಸುತ್ತಿದ ಉಳಿಯ ಪಕ್ಕದಲ್ಲೇ ಬಿದ್ದಿರುತ್ತದೆ. ಉಳಿ ಮತ್ತು ತಂತಿಯವರಲ್ಲಿ ಒಂದೇ ಪ್ರಶ್ನೆ: ಅಪ್ಪ ಮಲಗಿರುವಾಗ ಅವಳೊಬ್ಬಳೇ ಎದ್ದು ಆ ಚೂರಿನ ಮೇಲೆ ಮಣ್ಣು ಹಚ್ಚಿ ನೋಡಬೇಕೆಂದರೆ ನೀರು ಕುದಿಸಲೇಬೇಕಲ್ಲವೇ? ನವಸಾಗರದ ಆ ಘಾಟು ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸುತ್ತದೆಯೇ?